ಭಕ್ಕರಿ ಯಾವಾಗ, ಸಕ್ಕರೆ ಯಾವಾಗ: ಜಿಐ ಪಟ್ಟಿ ಇಟ್ಟುಕೊಂಡು ಓಡಿಸಿದ ನನ್ನ ಅನುಭವ

ಕಲಬುರಗಿಯ ನಮ್ಮ ಓಟದ ಗುಂಪಿನಲ್ಲಿ ಸಕ್ಕರೆ ನೀರಿನ ಬಾಟಲಿ ಹಂಚಿದಾಗ ಬಂದ ಮೊದಲ ಮಾತು, "ಜಿಐ ಪಟ್ಟಿ ನೋಡೀರೇನ್ರೀ? ಸಕ್ರಿ ಎಷ್ಟು ಮ್ಯಾಲದ!" ಜಿಐ ಅಂದರೆ ಗ್ಲೈಸೆಮಿಕ್ ಇಂಡೆಕ್ಸ್, ಒಂದು ತಿನಿಸು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅನ್ನುವ ಅಂಕಿ. ಪಟ್ಟಿ ಸುಳ್ಳಲ್ಲ. ಆದರೆ ಆ ಅಂಕಿ ಸಿಕ್ಕಿದ್ದು ಖಾಲಿ ಹೊಟ್ಟೆಯಲ್ಲಿ 50 ಗ್ರಾಂ ಕಾರ್ಬ್ ತಿಂದು ಎರಡು ತಾಸು ಸುಮ್ಮನೆ ಕುಂತವರ ರಕ್ತದಲ್ಲಿ. ಓಡುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ರಸ್ತೆ ಮೇಲೆ ಆ ಲೆಕ್ಕ ನಡೆಯುವುದಿಲ್ಲ.

ಪಟ್ಟಿ ಕೆಲಸಕ್ಕೆ ಬರುವುದು ಸಂಜೆ ಓಟದ ಮುಂಚಿನ ಊಟಕ್ಕೆ. ಮೂರು ತಾಸು ಮೊದಲು ಎರಡು ಜೋಳದ ಭಕ್ಕರಿ, ಗಟ್ಟಿ ತೊಗರಿಬೇಳೆ, ಸ್ವಲ್ಪ ಶೇಂಗಾ ಹಿಂಡಿ. ಬರೀ ಜೋಳದ ಜಿಐ ನಮ್ಮವರು ನಂಬಿದಷ್ಟು ಕಡಿಮೆ ಇಲ್ಲ; ಏರಿಕೆಯನ್ನು ತಗ್ಗಿಸುವುದು ಬೇಳೆ, ಹಿಂಡಿ. ಇದೇ ಊಟವನ್ನು ಒಂದು ತಾಸು ಮುಂಚೆ ಉಂಡರೆ ಮೊದಲ ಐದು ಕಿಲೋಮೀಟರ್ ಹೊಟ್ಟೆ ಭಾರ.

ಬೆಳಗಿನ ಓಟದ್ದು ಬೇರೆ ಕಥೆ. ಓಟಕ್ಕೆ ಮುಕ್ಕಾಲು ತಾಸು ಮುಂಚೆ ಸಿಹಿ ಕುಡಿದರೆ, ಇನ್ಸುಲಿನ್ ಏರಿದ ಹೊತ್ತಿಗೇ ಓಟ ಶುರುವಾಗಿ ಕೆಲವರಿಗೆ ಸಕ್ಕರೆ ಇಳಿದು ಕೈ ನಡುಗುತ್ತದೆ. ಹೊರಡುವ ಐದು ನಿಮಿಷ ಮುಂಚೆ ಕುಡಿದರೆ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಲಾಗೂ ಆಗಲ್ಲ. ಅವರು ವೈದ್ಯರನ್ನು ಕೇಳಲಿ.

60 ಕಿಲೋ ತೂಕದವನ ಮೂರು ತಾಸಿನ ಓಟ ಹಿಡಿಯಿರಿ. ತಾಸಿಗೆ ಸುಮಾರು 40 ಗ್ರಾಂ ಕಾರ್ಬ್ ಬೇಕು. ಅರ್ಧ ಲೀಟರ್ ನೀರಿಗೆ ಏಳು ಟೀ ಚಮಚ ಸಕ್ಕರೆ ಮಟ್ಟವಾಗಿ, ಅಂದರೆ ಹತ್ತಿರ 30 ಗ್ರಾಂ, ಎರಡು ಚಿಟಿಕೆ ಉಪ್ಪು. ಜೊತೆಗೆ ಅರ್ಧ ಬಾಳೆಹಣ್ಣು. ಕಾಲು ತಾಸಿಗೊಮ್ಮೆ ಎರಡು ಮೂರು ಗುಟುಕು. ಎರಡು ಪಟ್ಟು ಸಕ್ಕರೆ ಹಾಕಿದ ಬಾಟಲಿ ಕುಡಿದವರಿಗೆ ಹೊಟ್ಟೆ ತೊಳೆಸಿತು, ನೀರು ಕುಲುಕುವ ಸದ್ದು ಹೊರಗೇ ಕೇಳಿಸುತ್ತಿತ್ತು. ಬೆಲ್ಲವೂ ನಡೆಯುತ್ತದೆ, ಆದರೆ ಜಿಐ ಕಡಿಮೆ ಅಂತ ಅಲ್ಲ. ಬಟ್ಟೆಯಲ್ಲಿ ಸೋಸದಿದ್ದರೆ ಕಸ ಬಾಟಲಿಯ ಬಾಯಿ ಕಟ್ಟುತ್ತದೆ. ಪೇಟೆಯ ಎನರ್ಜಿ ಜೆಲ್ ಒಂದಕ್ಕೆ ನೂರರ ಆಸುಪಾಸು. ಈ ಬಾಟಲಿ ಎರಡು ರೂಪಾಯಿ ದಾಟಲ್ಲ.

ಕಡಕ್ ಭಕ್ಕರಿ, ಬಿಸಿ ಭಕ್ಕರಿ ಎರಡನ್ನೂ ಗ್ಲೂಕೋಮೀಟರಿನಲ್ಲಿ ನೋಡಿದೆವು. ಸ್ಟ್ರಿಪ್ಪಿಗೆ ಇಪ್ಪತ್ತರಂತೆ ದುಡ್ಡು ಹೋಯಿತು. ಮೀಟರೇ ನೂರಕ್ಕೆ 15ರಷ್ಟು ಆಚೀಚೆ ತೋರಿಸಬಹುದು. ಸಿಕ್ಕ ವ್ಯತ್ಯಾಸ ಅದಕ್ಕಿಂತ ಸಣ್ಣದು.

ಓಟ ಮುಗಿದ ಮೇಲೆ ಮುಂದಿನದು ನಾಳೆಗಿದ್ದರೆ ಪಟ್ಟಿ ಮುಚ್ಚಿಡಿ, ಹೊಟ್ಟೆ ತುಂಬ ಭಕ್ಕರಿ ಉಣ್ಣಿ. ಅದೇ ದಿನ ಸಂಜೆ ಮತ್ತೆ ಓಡುವವರು ಮಾತ್ರ ಸಕ್ಕರೆ ಬೇಗ ಏರಿಸುವ ಅನ್ನ ಸಾರು, ಸುಸಲಾ ಹಿಡಿಯಬೇಕು: ಅದೇ 60 ಕಿಲೋದವನಿಗೆ ಮೊದಲ ನಾಲ್ಕು ತಾಸು, ತಾಸಿಗೆ 60 ಗ್ರಾಂ ಕಾರ್ಬ್.