ಅಮ್ಮನ ಕೀಮೋ ದಿನಗಳಿಗೆ ನಾನು ಬರೆದಿಟ್ಟುಕೊಂಡ ಪಟ್ಟಿ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಮೇಲೆ, ಅಮ್ಮನಿಗೆ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಎರಡು ಔಷಧಿಗಳನ್ನು 21 ದಿನಗಳಿಗೊಮ್ಮೆ, ಒಟ್ಟು 4 ಸಲ ಕೊಡುವುದೆಂದು ವೈದ್ಯರು ನಿರ್ಧರಿಸಿದರು. ಔಷಧಿಯನ್ನು ರಕ್ತನಾಳಕ್ಕೆ ಏರಿಸುವ ಕೆಲಸ ಬೆಂಗಳೂರಿನ ಡೇ ಕೇರ್ ವಾರ್ಡಿನಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತಿತ್ತು. ಅದರ ಪರಿಣಾಮಗಳೆಲ್ಲ ಕಾಣಿಸಿಕೊಳ್ಳುತ್ತಿದ್ದುದು ಹಾಸನ ಜಿಲ್ಲೆಯ ನಮ್ಮ ಮನೆಯಲ್ಲಿ. ಯಾವ ದಿನ ಯಾವ ತೊಂದರೆ ಸಹಜ, ಯಾವುದು ಸಹಜವಲ್ಲ ಎಂಬುದು ಮನೆಯವರಿಗೆ ಗೊತ್ತಿಲ್ಲದಿದ್ದರೆ ಒಂದೋ ಎಲ್ಲದಕ್ಕೂ ಗಾಬರಿಯಾಗುತ್ತದೆ, ಇಲ್ಲವೇ ಗಾಬರಿಯಾಗಲೇಬೇಕಾದ ದಿನ ಸುಮ್ಮನಿದ್ದುಬಿಡುತ್ತೇವೆ. ಆದ್ದರಿಂದ ವಾರ್ಡಿನ ಸಿಸ್ಟರ್ ಹೇಳಿದ್ದನ್ನೆಲ್ಲ ಗೋಡೆಯ ಕ್ಯಾಲೆಂಡರಿನ ಮೇಲೆ ದಿನದಿನಕ್ಕೆ ಹಂಚಿ ಬರೆದೆ.

ಮೊದಲು ಸ್ಪಷ್ಟಪಡಿಸಿಕೊಂಡದ್ದು ಎಣಿಕೆಯನ್ನು. ಔಷಧಿ ಕೊಟ್ಟ ದಿನವೇ 1ನೇ ದಿನ, ಮರುದಿನ 2ನೇ ದಿನ. ನಮಗೆ ಸೋಮವಾರ ಕೀಮೋ ಆಗುತ್ತಿದ್ದುದರಿಂದ ಮುಂದಿನ ಸೋಮವಾರ 8ನೇ ದಿನ, ಅದರ ನಂತರದ್ದು 15ನೇ ದಿನ, ಮೂರನೆಯ ಸೋಮವಾರ ಹೊಸ ಸೈಕಲ್ಲಿನ, ಅಂದರೆ ಕೀಮೋದ ಮುಂದಿನ ಸುತ್ತಿನ, 1ನೇ ದಿನ ಎಂದು ವಾರದ ಲೆಕ್ಕದಲ್ಲೇ ನೆನಪಿಟ್ಟುಕೊಳ್ಳಬಹುದಾಗಿತ್ತು. ಕ್ಯಾಲೆಂಡರಿನ ಪ್ರತಿ ಚೌಕದಲ್ಲಿ ತಾರೀಖಿನ ಪಕ್ಕದಲ್ಲೇ ಈ ಸಂಖ್ಯೆಯನ್ನು ದಪ್ಪವಾಗಿ ಬರೆದಿದ್ದೆ. ವಾರ್ಡಿಗೆ ಫೋನ್ ಮಾಡಿದಾಗ ಅವರು ಕೇಳುವ ಮೊದಲ ಪ್ರಶ್ನೆಯೇ ಕೀಮೋ ಆಗಿ ಎಷ್ಟನೇ ದಿನ ಎಂಬುದು. ಒಂದೇ ದೂರಿಗೆ 3ನೇ ದಿನ ಒಂದು ಅರ್ಥವಿದ್ದರೆ 11ನೇ ದಿನ ಬೇರೆಯೇ ಅರ್ಥವಿರುತ್ತದೆ.

ಮೊದಲ ಎರಡು ದಿನಗಳ ಚೌಕಗಳಲ್ಲಿ ಮೂತ್ರದ ವಿಷಯವೇ ಮುಖ್ಯವಾಗಿತ್ತು. ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿಯಾದ್ದರಿಂದ ಒಂದೆರಡು ದಿನ ಮೂತ್ರ ಕೆಂಪಾಗಿ ಹೋಗುವುದು ಸಹಜ, ಅದು ರಕ್ತವಲ್ಲ. ಆದರೆ ಸೈಕ್ಲೊಫಾಸ್ಫಮೈಡ್ ಮೂತ್ರಕೋಶದ ಒಳಪದರವನ್ನು ಕೆರಳಿಸಬಲ್ಲದು, ಅದರಿಂದ ನಿಜವಾದ ರಕ್ತವೂ ಬರಬಹುದು. ಹಾಗಾಗಿ ಎರಡು ದಿನ ಕಳೆದ ಮೇಲೂ ಮೂತ್ರ ಕೆಂಪಾಗಿದ್ದರೆ, ಅಥವಾ ಉರಿಯ ಜೊತೆಗೆ ಕೆಂಪು ಕಂಡರೆ, ವಾರ್ಡಿಗೆ ಫೋನ್ ಎಂದು ಬರೆದಿದ್ದೆ. ಔಷಧಿ ಮೂತ್ರಕೋಶದಲ್ಲಿ ನಿಲ್ಲಬಾರದೆಂದು ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು, ಮಜ್ಜಿಗೆ, ಗಂಜಿ ಕುಡಿಸಿ, ಎರಡು ಮೂರು ಗಂಟೆಗೊಮ್ಮೆ, ಮಲಗುವ ಮುನ್ನವೂ, ಮೂತ್ರಕ್ಕೆ ಹೋಗಿ ಬರುವಂತೆ ಹೇಳುತ್ತಿದ್ದೆವು. ಮೊದಲ 48 ಗಂಟೆ ಅಮ್ಮನ ಮೂತ್ರ, ವಾಂತಿಗಳಲ್ಲಿ ಔಷಧಿಯ ಅಂಶವಿರುವುದರಿಂದ ಅವುಗಳನ್ನು ಶುಚಿಮಾಡುವಾಗ ಕೈಗವಸು ಹಾಕಿಕೊಳ್ಳುತ್ತಿದ್ದೆ. ಸೂಜಿ ಚುಚ್ಚಿದ ಕೈಯನ್ನೂ ದಿನಾ ನೋಡುತ್ತಿದ್ದೆ. ಡಾಕ್ಸೊರುಬಿಸಿನ್ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಡುತ್ತದೆ. ಊತ, ಉರಿ, ಬೊಬ್ಬೆ ಎಷ್ಟು ದಿನ ಬಿಟ್ಟು ಕಂಡರೂ ಅದೇ ದಿನ ತಿಳಿಸಬೇಕು.

ವಾಂತಿಯ ಬಗ್ಗೆ ನಮ್ಮ ಕಡೆ ಇರುವ ಭಯ ದೊಡ್ಡದು, ಆದರೆ ಮಾತ್ರೆಗಳನ್ನು ಹೇಳಿದಂತೆ ಕೊಟ್ಟರೆ ಬಹುಮಟ್ಟಿಗೆ ತಡೆಯಬಹುದು. ವಾಕರಿಕೆ ಮೊದಲ ದಿನಕ್ಕಿಂತ 2ರಿಂದ 5ನೇ ದಿನದವರೆಗೆ ಹೆಚ್ಚು ಕಾಡುತ್ತದೆ. ಮೊದಲ ದಿನ ಚೆನ್ನಾಗಿಯೇ ಇದ್ದ ಅಮ್ಮ ಎರಡನೆಯ ದಿನ ‘ಇಷ್ಟೊಂದು ಮಾತ್ರೆ ಯಾಕೆ, ವಾಂತಿಯೇ ಇಲ್ಲವಲ್ಲ’ ಎಂದಾಗ ಕ್ಯಾಲೆಂಡರನ್ನು ತೋರಿಸಿ ಕೊಟ್ಟೆ. ಅಪ್ರೆಪಿಟಂಟ್ 3ನೇ ದಿನದವರೆಗೆ. ಡೆಕ್ಸಾಮೆಥಸೋನ್ ಬೆಳಗಿನ ತಿಂಡಿಯ ನಂತರ, ಏಕೆಂದರೆ ಸಂಜೆ ಕೊಟ್ಟರೆ ನಿದ್ದೆ ಬರುವುದಿಲ್ಲ. ನಿದ್ದೆ ಬರಿಸುವ ಓಲಾಂಜಪಿನ್ ರಾತ್ರಿ. ಒಂಡಾನ್ಸೆಟ್ರಾನ್ ಚೀಟಿಯಲ್ಲಿ ಬರೆದ ಹೊತ್ತಿಗೆ. ಈ ಕೊನೆಯದರಿಂದ ಮಲಬದ್ಧತೆಯಾಗುತ್ತದೆ. ಅದಕ್ಕೆಂದು ಕೊಟ್ಟ ಔಷಧಿಯನ್ನು ತೊಂದರೆ ಶುರುವಾಗುವ ಮುಂಚೆಯೇ ಕೊಡಬೇಕು. ಮೂರು ದಿನ ಮಲವಿಸರ್ಜನೆಯಾಗದಿದ್ದರೆ ಫೋನ್ ಮಾಡಬೇಕೇ ಹೊರತು ಮನೆಯಲ್ಲಿ ಎನಿಮಾ ಕೊಡಬಾರದು. ಮಾತ್ರೆ ಕೊಟ್ಟರೂ ವಾಂತಿ ನಿಲ್ಲದೆ ಮಾತ್ರೆಯೇ ಹೊರಬಂದರೆ, ಇಡೀ ದಿನ ನೀರೂ ನಿಲ್ಲದಿದ್ದರೆ, ಅಥವಾ ಭೇದಿ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಾದರೆ, ಅದೇ ದಿನ ಫೋನ್ ಎಂಬುದು ಈ ವಾರದ ಗೆರೆ.

ಕ್ಯಾಲೆಂಡರಿನಲ್ಲಿ ನಾನು ಕೆಂಪು ಶಾಯಿಯಿಂದ ಸುತ್ತು ಹಾಕಿದ್ದು 8ರಿಂದ 14ನೇ ದಿನದವರೆಗಿನ ಸಾಲಿಗೆ. ವಾಕರಿಕೆ ಹೋಗಿ, ಊಟ ರುಚಿಸತೊಡಗಿ, ನೆಂಟರು ‘ಈಗ ಪರವಾಗಿಲ್ಲವಲ್ಲ’ ಎಂದು ನೋಡಲು ಬರುವ ವಾರವದು. ಆದರೆ ಮೂಳೆಮಜ್ಜೆ ಹೊಸ ರಕ್ತಕಣಗಳನ್ನು ತಯಾರಿಸುವುದನ್ನು ಕೀಮೋ ತಡೆದಿರುತ್ತದೆ. ಈಗಾಗಲೇ ರಕ್ತದಲ್ಲಿದ್ದ ಬಿಳಿಕಣಗಳು ಮುಗಿಯುತ್ತಾ ಬಂದು, ಸೋಂಕನ್ನು ಎದುರಿಸುವ ನ್ಯೂಟ್ರೋಫಿಲ್‌ಗಳು ಈ ದಿನಗಳಲ್ಲಿ, ಅದರಲ್ಲೂ 10ನೇ ದಿನದ ಆಚೆಗೆ, ಅತ್ಯಂತ ಕಡಿಮೆಯಾಗುತ್ತವೆ. ಕೀವು ಕಟ್ಟಲೂ ಕಣಗಳಿಲ್ಲದಿರುವುದರಿಂದ ಸೋಂಕಿನ ಬೇರೆ ಗುರುತುಗಳು ಕಾಣದೆ ಜ್ವರವೊಂದೇ ಕಾಣಬಹುದು, ಮತ್ತು ಕೆಲವೇ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರಬಹುದು. ನೆಂಟರನ್ನು ಮೂರನೆಯ ವಾರಕ್ಕೆ ಬರಹೇಳುವುದೇ ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ಡಿಜಿಟಲ್ ಥರ್ಮಾಮೀಟರಿನಲ್ಲಿ ಬೆಳಿಗ್ಗೆ, ಸಂಜೆ, ಮತ್ತು ಚಳಿ ಅಥವಾ ಅಸ್ವಸ್ಥತೆ ಎನಿಸಿದಾಗಲೆಲ್ಲ ಜ್ವರ ನೋಡಿ ಬರೆಯುತ್ತಿದ್ದೆವು. ಬಿಸಿ ಕಾಫಿ ಕುಡಿದಿದ್ದರೆ ಹದಿನೈದು ನಿಮಿಷ ಬಿಟ್ಟು ನೋಡಬೇಕು. ಗೆರೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್. ಅದು ಮುಟ್ಟಿದರೆ ರಾತ್ರಿಯೋ ಹಗಲೋ ನೋಡದೆ ಫೋನ್ ಮಾಡಬೇಕು. ಮೈ ನಡುಗಿಸುವ ಚಳಿ ಬಂದರೆ, ಉಸಿರು ಕಟ್ಟಿದಂತಾದರೆ, ಮಾತು ತಡವರಿಸಿದರೆ ಜ್ವರ ಇರದಿದ್ದರೂ ಅದೇ ನಿಯಮ. ಪ್ಯಾರಾಸಿಟಮಾಲ್ ಜ್ವರವನ್ನು ಇಳಿಸಿ ಸೋಂಕನ್ನು ಮರೆಮಾಡುವುದರಿಂದ, ತಲೆನೋವಿಗೆ ಕೊಡುವುದಾದರೂ ಮೊದಲು ಜ್ವರ ನೋಡಬೇಕೆಂದು ಮಾತ್ರೆಯ ಡಬ್ಬಿಯ ಮೇಲೆಯೇ ಚೀಟಿ ಅಂಟಿಸಿದ್ದೆ.

ದೂರದ ಊರಿನವರಾದ ನಮಗೆ ಇನ್ನೊಂದು ಸಿದ್ಧತೆ ಬೇಕಾಗಿತ್ತು. ಜ್ವರ ಬಂದ ರೋಗಿಗೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಸಿಗಬೇಕು, ಬೆಂಗಳೂರಿನವರೆಗೆ ಕಾಯಬಾರದು ಎಂದು ವಾರ್ಡಿನವರು ಮೊದಲೇ ತಿಳಿಸಿದ್ದರು. ಆದ್ದರಿಂದ ಹಾಸನದಲ್ಲಿ ರಾತ್ರಿಯೂ ಪ್ರಯೋಗಾಲಯ ತೆರೆದಿರುವ, ಫಿಸಿಶಿಯನ್ ಇರುವ ಒಂದು ಆಸ್ಪತ್ರೆಯನ್ನು ಮುಂಚೆಯೇ ನೋಡಿಟ್ಟು, ಅಲ್ಲಿ ತೋರಿಸಲು ನಮ್ಮ ವೈದ್ಯರಿಂದ ಒಂದು ಪತ್ರ ಬರೆಸಿಕೊಂಡೆವು. ಯಾವ ಕೀಮೋ, ಯಾವ ತಾರೀಖು, ಜ್ವರವಿದ್ದರೆ ರಕ್ತಕಣಗಳ ಎಣಿಕೆ ಮತ್ತು ಬ್ಲಡ್ ಕಲ್ಚರಿಗೆ ರಕ್ತ ತೆಗೆದು, ಫಲಿತಾಂಶಕ್ಕೆ ಕಾಯದೆ ಆ್ಯಂಟಿಬಯೋಟಿಕ್ ಶುರುಮಾಡಬೇಕು ಎಂಬುದಷ್ಟೇ ಅದರಲ್ಲಿತ್ತು.

ಎರಡನೆಯ ಸೈಕಲ್ಲಿನ 11ನೇ ದಿನ, ಗುರುವಾರ ರಾತ್ರಿ, ಈ ಪತ್ರ ಬೇಕಾಯಿತು. ಸಂಜೆ 99.2 ಇತ್ತು. ಊಟದ ಹೊತ್ತಿಗೆ ಅಮ್ಮ ಹೊದಿಕೆ ಕೇಳಿದರು, ಆಗ 99.8. ಅರ್ಧ ಗಂಟೆ ಬಿಟ್ಟು ನೋಡಿದಾಗ 100.8. ಗಂಟಲು ನೋವಿಲ್ಲ, ಕೆಮ್ಮಿಲ್ಲ. ‘ಒಂದು ಮಾತ್ರೆ ಕೊಡು, ಬೆಳಿಗ್ಗೆ ನಮ್ಮ ಡಾಕ್ಟರಿಗೆ ತೋರಿಸೋಣ’ ಎಂದರು ಅಪ್ಪ. ನಾನು ಕ್ಯಾಲೆಂಡರಿನ ಕೆಂಪು ಸಾಲನ್ನು ತೋರಿಸಿ ವಾರ್ಡಿಗೆ ಫೋನ್ ಮಾಡಿದೆ. ಅಮ್ಮನ ಹೆಸರು, ಫೈಲ್ ನಂಬರ್, ಕೀಮೋ ಹೆಸರು, 11ನೇ ದಿನ, ಜ್ವರ ಎಷ್ಟು, ಪ್ಯಾರಾಸಿಟಮಾಲ್ ಕೊಟ್ಟಿಲ್ಲ, ಮಾತು ಸರಿಯಾಗಿದೆ ಎಂದು ಫೋನಿನ ಪಕ್ಕದಲ್ಲಿ ಬರೆದಿಟ್ಟ ಕ್ರಮದಲ್ಲೇ ಹೇಳಿದೆ. ‘ಪತ್ರ ತೆಗೆದುಕೊಂಡು ಈಗಲೇ ಹೊರಡಿ, ತಲುಪಿದ ಮೇಲೆ ಅಲ್ಲಿನ ಡಾಕ್ಟರಿಂದ ನಮಗೆ ಫೋನ್ ಮಾಡಿಸಿ’ ಎಂದರು ಸಿಸ್ಟರ್. ಹಾಸನದಲ್ಲಿ ನೋಡಿದಾಗ ನ್ಯೂಟ್ರೋಫಿಲ್ ಎಣಿಕೆ 300 ಇತ್ತು. 500ಕ್ಕಿಂತ ಕೆಳಗಿಳಿದರೆ ಅಪಾಯ ಹೆಚ್ಚು. ಅಲ್ಲಿ ತಡಮಾಡದೆ ಪಿಪೆರಾಸಿಲಿನ್–ಟಾಜೋಬ್ಯಾಕ್ಟಮ್ ಏರಿಸಿದರು. ಜ್ವರ ಇಳಿದು ಎಣಿಕೆ ಏರುವವರೆಗೆ ಒಳರೋಗಿಯಾಗಿದ್ದು ಅಮ್ಮ ಮನೆಗೆ ಬಂದರು.

ಇದೇ ವಾರದಲ್ಲಿ ಬಾಯಿಹುಣ್ಣೂ ಕಾಣಿಸಿಕೊಳ್ಳುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಬೆರೆಸಿ, ಪ್ರತಿ ಊಟದ ನಂತರ ಮತ್ತು ಮಲಗುವ ಮುನ್ನ ಬಾಯಿ ಮುಕ್ಕಳಿಸಿಸುತ್ತಿದ್ದೆವು. ಪ್ರತಿದಿನ ಹೊಸದಾಗಿ ಬೆರೆಸಬೇಕು. ಖಾರ ಬಿಟ್ಟು ಮೆತ್ತನ್ನ ತಿನ್ನಲು ಆಗುವವರೆಗೆ ಮನೆಯಲ್ಲೇ ನೋಡಿಕೊಳ್ಳಬಹುದು, ಆದರೆ ನೀರು ನುಂಗಲೂ ಆಗದಿದ್ದರೆ ಅಥವಾ ಬಿಳಿ ಪದರ ಕಟ್ಟಿದರೆ ಫೋನ್ ಮಾಡಬೇಕು. ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ, ಚರ್ಮದ ಮೇಲೆ ಸಾಸಿವೆಯಂಥ ಕೆಂಪು ಚುಕ್ಕೆಗಳು ಪ್ಲೇಟ್‌ಲೆಟ್ ಕಡಿಮೆಯಾದುದರ ಗುರುತು, ಅವಕ್ಕೂ ತಕ್ಷಣ ಫೋನ್.

ಮೂರನೆಯ ವಾರದ ಚೌಕಗಳು ಬಹುತೇಕ ಖಾಲಿ. ಮೊದಲ ಸೈಕಲ್ಲಿನ ಆ ವಾರದಲ್ಲಿ ಕೂದಲು ಉದುರಲು ಶುರುವಾಯಿತು, ಅದಕ್ಕೆ ಫೋನ್ ಬೇಕಿಲ್ಲ. 19ನೇ ದಿನ, ಶುಕ್ರವಾರ, ಊರಿನಲ್ಲೇ ರಕ್ತಪರೀಕ್ಷೆ ಮಾಡಿಸಿ ವರದಿಯನ್ನು ವಾರ್ಡಿಗೆ ಕಳಿಸುತ್ತಿದ್ದೆ. ಎಣಿಕೆ ಸಾಲದಿದ್ದರೆ ಕೀಮೋವನ್ನು ಮುಂದೂಡುತ್ತಾರೆ; ಅದು ಸೋಮವಾರ ಅಲ್ಲಿಗೆ ಹೋದ ಮೇಲೆ ತಿಳಿಯುವುದಕ್ಕಿಂತ ಶನಿವಾರವೇ ತಿಳಿದರೆ ಅಮ್ಮನಿಗೆ ಪ್ರಯಾಣದ ಆಯಾಸ ತಪ್ಪುತ್ತದೆ.

ಜ್ವರದ ಅನುಭವದ ನಂತರ ಮೂರನೆಯ ಸೈಕಲ್ಲಿನಿಂದ ಬಿಳಿಕಣಗಳನ್ನು ಹೆಚ್ಚಿಸುವ ಪೆಗ್‌ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಸೇರಿತು. ಇದನ್ನು ಕೀಮೋ ಮುಗಿದು 24 ಗಂಟೆಯಾಗುವ ಮೊದಲು ಕೊಡಬಾರದು, ಹಾಗಾಗಿ 3ನೇ ದಿನದ ಚೌಕದಲ್ಲಿ ಬರೆದೆ. ಅದಾದ ಮೇಲೆ ಒಂದೆರಡು ದಿನ ಸೊಂಟ, ತೊಡೆಗಳ ಮೂಳೆ ನೋಯುತ್ತದೆ. ಮಜ್ಜೆ ಚುರುಕಾಗಿ ಕೆಲಸ ಮಾಡುವುದರ ನೋವದು. ಜ್ವರ ನೋಡಿ, ಇಲ್ಲವೆಂದು ಖಚಿತವಾದ ಮೇಲೆ ಪ್ಯಾರಾಸಿಟಮಾಲ್ ಕೊಡುತ್ತಿದ್ದೆ. ಇಂಜೆಕ್ಷನ್ ಇದ್ದರೂ ಕೆಂಪು ಸಾಲನ್ನು ಅಳಿಸಲಿಲ್ಲ, ಏಕೆಂದರೆ ಅದು ಎಣಿಕೆ ಕುಸಿದಿರುವ ಅವಧಿಯನ್ನು ಚಿಕ್ಕದು ಮಾಡುತ್ತದೆಯೇ ಹೊರತು ಕುಸಿತವನ್ನು ಪೂರ್ತಿ ತಡೆಯುವುದಿಲ್ಲ.

ನಾಲ್ಕನೆಯ ಸೈಕಲ್ಲಿನ ನಂತರ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದಾಗ ಈ ಕ್ಯಾಲೆಂಡರನ್ನು ತೆಗೆದಿಟ್ಟು ವಾರ್ಡಿನಿಂದ ಎಲ್ಲವನ್ನೂ ಮತ್ತೆ ಕೇಳಿ ಬರೆದುಕೊಂಡೆ. ಅದರಲ್ಲಿ ವಾಂತಿ ಕಡಿಮೆ. ಬೆರಳ ತುದಿಗಳ ಜುಮ್ಮು, ಮರಗಟ್ಟುವಿಕೆಗಳೇ ಮುಖ್ಯ, ಗುಂಡಿ ಹಾಕಲು ಅಥವಾ ನಡೆಯಲು ಕಷ್ಟವಾದರೆ ಮುಂದಿನ ಡೋಸಿನ ಮೊದಲೇ ತಿಳಿಸಬೇಕು. ಹಳೆಯ ಪಟ್ಟಿಯಿಂದ ಹೊಸದಕ್ಕೆ ಬಂದವು ಎರಡೇ: 100.4ರ ಗೆರೆ, ಮತ್ತು ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸುವ ಸಂಭವ ಚಿಕಿತ್ಸೆ ಮುಗಿದ ಮೇಲೂ ಇರುವುದರಿಂದ, ಏದುಸಿರು ಅಥವಾ ಕಾಲಿನ ಊತ ಕಂಡರೆ ಫೋನ್ ಎಂಬ ಸಾಲು.