39 ಮಿಲಿಮೀಟರ್ ಕಮ್ಮಿ ಬಿದ್ದ ಟ್ಯಾಂಕ್: ಪ್ಲೇಟ್ ತೂಕ ಲೆಕ್ಕ ಹಾಕಿದ ಅನುಭವ

ಒಂದು ನೀರಿನ ಟ್ಯಾಂಕ್ ಮಾಡಿಕೊಡಬೇಕಿತ್ತು. ಅಡ್ಡಲಾಗಿ ಮಲಗುವ ಸಿಲಿಂಡರ್, ಒಳವ್ಯಾಸ 1200 ಮಿ.ಮೀ., ಉದ್ದ 2400 ಮಿ.ಮೀ., ಶೆಲ್‌ಗೆ 6 ಎಂಎಂ ಪ್ಲೇಟ್, ಎರಡೂ ತುದಿಗೆ 8 ಎಂಎಂ ಚಪ್ಪಟೆ ಎಂಡ್ ಪ್ಲೇಟ್. ಒಳಗೆ ಪ್ರೆಷರ್ ಏನೂ ಇಲ್ಲ, ಸುಮ್ನೆ ನೀರು ನಿಲ್ಲುತ್ತದೆ ಅಷ್ಟೇ. ಪ್ರೆಷರ್ ಇದ್ದಿದ್ದರೆ ಚಪ್ಪಟೆ ತುದಿ ಇಡುವಂತಿರಲಿಲ್ಲ, ಉಬ್ಬಿದ ಡಿಶ್ ಎಂಡ್ ಬೇಕಾಗುತ್ತಿತ್ತು, ಅದರ ಲೆಕ್ಕವೇ ಬೇರೆ. ಕೆಲಸ ಕೊಟ್ಟವರು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಕೆಜಿ ಪ್ಲೇಟ್ ಬೇಕು?

ಕೆಜಿ ಲೆಕ್ಕಕ್ಕೆ ನಾನು ನೆನಪಿಟ್ಟುಕೊಂಡಿರುವುದು ಒಂದೇ ಅಂಕಿ, 7.85. ಒಂದು ಚದರ ಮೀಟರ್ ಉಕ್ಕಿನ ಪ್ಲೇಟ್ ಒಂದು ಮಿ.ಮೀ. ದಪ್ಪ ಇದ್ದರೆ ಅಷ್ಟು ಕೆಜಿ. ಹಾಗಾಗಿ 6 ಎಂಎಂ ಅಂದರೆ ಚದರ ಮೀಟರಿಗೆ 47.1 ಕೆಜಿ, 8 ಎಂಎಂ ಅಂದರೆ 62.8. ಇನ್ನು ಉಳಿದದ್ದು ಎಷ್ಟು ಚದರ ಮೀಟರ್ ಅನ್ನೋದು ಮಾತ್ರ.

ಶೆಲ್ಲನ್ನು ಬಿಡಿಸಿ ಹರಡಿದರೆ ಒಂದು ಆಯತ. ಒಂದು ಬದಿ ಟ್ಯಾಂಕಿನ ಉದ್ದ, ಇನ್ನೊಂದು ಸುತ್ತಳತೆ. ಯಾವ ವ್ಯಾಸದ ಸುತ್ತಳತೆ ಅನ್ನೋದರಲ್ಲೇ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ದಪ್ಪದ ಒಂದು ಶೆಲ್‌ಗೆ ಒಳವ್ಯಾಸ ಹಿಡಿದು ಪ್ಲೇಟ್ ಕತ್ತರಿಸಿಬಿಟ್ಟೆ. ರೋಲ್ ಆಗಿ ಬಂದಾಗ ಒಳವ್ಯಾಸ ಸರಿ ಇಟ್ಟರೆ ಜೋಡಣೆಯಲ್ಲಿ ಬೆರಳು ತೂರುವಷ್ಟು ಸಂದಿ, ಅಳೆದರೆ ಸರಿಯಾಗಿ 19 ಮಿ.ಮೀ. ಪ್ಲೇಟ್ ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವಿನ ಗೆರೆ ಮಾತ್ರ ಇದ್ದ ಉದ್ದದಲ್ಲೇ ಇರುತ್ತದೆ. ಅದಕ್ಕೇ ಒಳವ್ಯಾಸಕ್ಕೆ ಒಂದು ಪ್ಲೇಟಿನ ದಪ್ಪ ಸೇರಿಸಿ ಸುತ್ತಳತೆ ತೆಗೆಯಬೇಕು. ಇಲ್ಲಿ 1206 × 3.1416, ಅಂದರೆ 3789 ಮಿ.ಮೀ.

ತಮಾಷೆ ನೋಡಿ, ಆ 19 ಮಿ.ಮೀ. ತಪ್ಪು ತೂಕದಲ್ಲಿ ಕಾಣುವುದೇ ಇಲ್ಲ. ಇಂಥ ಟ್ಯಾಂಕಿಗೆ ಅದು ಬರೀ ಎರಡು ಕೆಜಿ. ತೂಕ ಸರಿ ಬಂತು ಅಂತ ಕಟಿಂಗ್ ಅಳತೆಯೂ ಸರಿ ಅಂದುಕೊಂಡರೆ ಮುಗೀತು.

ಲೆಕ್ಕಕ್ಕೆ ಬರೋಣ. ಶೆಲ್ 3.789 × 2.4, ಸುಮಾರು 9.09 ಚದರ ಮೀಟರ್, 428 ಕೆಜಿ. ಎಂಡ್ ಪ್ಲೇಟನ್ನು ನಾನು ಶೆಲ್ಲಿನ ಒಳಗೆ ತೂರಿಸುವುದಿಲ್ಲ, ತುದಿಯ ಮೇಲೆ ಮುಚ್ಚಳದ ಹಾಗೆ ಕೂರಿಸುತ್ತೇನೆ. ಹೊರವ್ಯಾಸ 1212, ಹೊರಗಿನಿಂದ ವೆಲ್ಡ್ ಕೂರಲು ಸುತ್ತ 9 ಮಿ.ಮೀ. ಅಂಚು ಬಿಟ್ಟರೆ 1230 ವ್ಯಾಸದ ತಟ್ಟೆ. ಒಂದೊಂದು 74.6 ಕೆಜಿ, ಎರಡಕ್ಕೆ 149. ಒಟ್ಟು 577 ಕೆಜಿ. ಮ್ಯಾನ್‌ಹೋಲಿಗೆ ಕತ್ತರಿಸಿ ತೆಗೆಯುವ ಭಾಗವನ್ನು ಕಳೆಯಲಿಲ್ಲ, ಆ ಪ್ಲೇಟಿಗೂ ದುಡ್ಡು ಕೊಡಲೇಬೇಕಲ್ವಾ.

ಈ 577 ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅದು ಟ್ಯಾಂಕಿನ ತೂಕ, ಕೊಳ್ಳಬೇಕಾದ ಪ್ಲೇಟಿನ ತೂಕ ಅಲ್ಲ. ಸಿಗುವ ಪ್ಲೇಟ್ 1250 × 2500 ಅಳತೆಯದ್ದು. ಕಾಗದದ ಮೇಲೆ ಪ್ಲೇಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. 2500 ಬದಿಯನ್ನು ಟ್ಯಾಂಕಿನ ಉದ್ದಕ್ಕೆ ಇಟ್ಟು, 1250 ಬದಿಯನ್ನು ಸುತ್ತಳತೆಗೆ ಇಟ್ಟರೆ ಮೂರು ಪ್ಲೇಟಿಗೆ 3750. ಬೇಕಾದ್ದು 3789. ಮೂವತ್ತೊಂಬತ್ತು ಮಿಲಿಮೀಟರ್ ಕಮ್ಮಿ!

ಆ ಎರಡು ಬೆರಳಗಲದ ಪಟ್ಟಿಗೋಸ್ಕರ ನಾಲ್ಕನೇ ಪ್ಲೇಟ್ ತರಬೇಕು, 147 ಕೆಜಿ. ಆಗ 6 ಎಂಎಂ ನಾಲ್ಕು ಪ್ಲೇಟ್ 589 ಕೆಜಿ, ಎಂಡ್‌ಗೆ 8 ಎಂಎಂ ಒಂದು ಪ್ಲೇಟ್ 196 ಕೆಜಿ, ಒಟ್ಟು 785. ಟ್ಯಾಂಕ್ 577, ಬಿಲ್ 785. ಇದಕ್ಕೆ ಕೆಲವರು ಹತ್ತು ಪರ್ಸೆಂಟ್ ವೇಸ್ಟೇಜ್ ಸೇರಿಸಿ ಹೇಳಿಬಿಡುತ್ತಾರೆ. ಇಲ್ಲಿ ಹಾಗೆ ಮಾಡಿದ್ದರೆ 635 ಅಂತ ಹೇಳಿ ಕೈಯಿಂದ ದುಡ್ಡು ಹಾಕಬೇಕಾಗುತ್ತಿತ್ತು.

ಟ್ಯಾಂಕಿಗೆ ತಕ್ಕ ಪ್ಲೇಟ್ ಹುಡುಕೋದು ಬಿಟ್ಟು ಪ್ಲೇಟಿಗೆ ತಕ್ಕ ಟ್ಯಾಂಕ್ ಮಾಡಿದರೆ ಹೇಗೆ ಅನ್ನಿಸಿತು. 3750 ಸುತ್ತಳತೆ ಅಂದರೆ ನಡುವ್ಯಾಸ 1194 ಹತ್ತಿರ, ಒಳವ್ಯಾಸ 1188 ಹತ್ತಿರ. ಉದ್ದವನ್ನು 2400ಕ್ಕೆ ಕತ್ತರಿಸದೆ 2500 ಪೂರ್ತಿ ಬಿಟ್ಟೆ. ನೀರೆಷ್ಟು ಹಿಡಿಯುತ್ತದೆ ನೋಡಿದರೆ, ಮೊದಲಿನದು 2714 ಲೀಟರ್, ಇದು ಸುಮಾರು 2770. ವ್ಯಾಸ ಕಮ್ಮಿ ಆಯಿತು, ನೀರು ಜಾಸ್ತಿ ಆಯಿತು. ಕೆಲಸ ಕೊಟ್ಟವರಿಗೆ ತೋರಿಸಿದಾಗ "ಹನ್ನೆರಡು ಮಿಲಿಮೀಟರಿಗೆ ಯಾರು ಅಳ್ತಾರೆ, ಮಾಡಿ ಸರ್" ಅಂದರು.

ಈಗ ಶೆಲ್‌ಗೆ ಮೂರೇ ಪ್ಲೇಟ್, 441.6 ಕೆಜಿ, ಚೂರೂ ವೇಸ್ಟ್ ಇಲ್ಲ. ಎಂಡ್ ಪ್ಲೇಟ್ 1220 ವ್ಯಾಸ, ಒಂದೇ 1250 × 2500 ಪ್ಲೇಟಿನಲ್ಲಿ ಎರಡೂ ಅಕ್ಕಪಕ್ಕ ಕೂತವು, ನಡುವೆ ಒಂದಿಷ್ಟು ಸಂದಿ ಬಿಟ್ಟು. ದುಂಡನೆಯದನ್ನು ಚೌಕದಿಂದ ಕತ್ತರಿಸಿದರೆ ಕಾಲು ಭಾಗದ ಹತ್ತಿರ ಮೂಲೆಯಲ್ಲೇ ಹೋಗುತ್ತದೆ, ಅದಕ್ಕೆ ಉಪಾಯ ಇಲ್ಲ. ಒಟ್ಟು ಕೊಂಡದ್ದು 638 ಕೆಜಿ, ಟ್ಯಾಂಕಿನಲ್ಲಿ ನಿಂತದ್ದು 588.

ಇದಕ್ಕೆ ಒಂದು ಬೆಲೆ ಕೊಡಬೇಕಾಯಿತು. ಶೆಲ್ಲಿನಲ್ಲಿ ಉದ್ದಕ್ಕೆ ಮೂರು ವೆಲ್ಡ್ ಬಂದವು, 2.5 ಮೀಟರ್ ಅಗಲದ ರೋಲಿಂಗ್ ಮೆಷಿನ್ನೂ ಬೇಕಾಯಿತು. ಇನ್ನೊಂದು, ಮೂರು ರೋಲರಿನ ಮೆಷಿನ್ನಿನಲ್ಲಿ ಪ್ಲೇಟಿನ ಎರಡು ತುದಿ ಬಾಗದೆ ನೆಟ್ಟಗೆ ಉಳಿಯುತ್ತದೆ. ಸಾಮಾನ್ಯವಾಗಿ ಅಷ್ಟು ಉದ್ದ ಹೆಚ್ಚಿಗೆ ಇಟ್ಟು ಆಮೇಲೆ ಕತ್ತರಿಸಿ ಬಿಸಾಡುತ್ತಾರೆ. ನನ್ನ ಹತ್ತಿರ ಬಿಸಾಡಲು ಒಂದು ಮಿ.ಮೀ. ಕೂಡ ಇರಲಿಲ್ಲ. ಹಾಗಾಗಿ ತುದಿಗಳನ್ನು ಮೊದಲೇ ಪ್ರೆಸ್ಸಿನಲ್ಲಿ ಬಾಗಿಸಿ, ತಗಡಿನಲ್ಲಿ ಕತ್ತರಿಸಿದ ಕಮಾನಿನ ಅಚ್ಚು ಇಟ್ಟು ಬೆಳಕು ಕಾಣದಷ್ಟು ಕೂತ ಮೇಲೇ ರೋಲಿಂಗಿಗೆ ಬಿಟ್ಟೆ. ಪ್ರೆಸ್ ಇಲ್ಲದ ಕಡೆ ಈ ಮೂರು ಪ್ಲೇಟಿನ ಲೆಕ್ಕ ನಡೆಯುವುದಿಲ್ಲ, ನಾಲ್ಕನೆಯದು ತರಲೇಬೇಕು.

ಎಂಡ್ ಪ್ಲೇಟನ್ನು ಡ್ರಾಯಿಂಗ್ ನೋಡಿ ಕತ್ತರಿಸಲಿಲ್ಲ. ಶೆಲ್ ಮುಚ್ಚಿ ಮೂರೂ ವೆಲ್ಡ್ ಆರಿದ ಮೇಲೆ ಎರಡೂ ತುದಿಗೆ ಹೊರಗಿನಿಂದ ಟೇಪ್ ಸುತ್ತಿದೆ. ಒಂದು ಕಡೆ 3771, ಇನ್ನೊಂದು ಕಡೆ 3774. ಲೆಕ್ಕದಲ್ಲಿ 3769 ಬರಬೇಕಿತ್ತು. ವೆಲ್ಡಿಗೆ ಬಿಡುವ ಸಂದಿ ಸ್ವಲ್ಪ ಹೆಚ್ಚಿಸುತ್ತದೆ, ವೆಲ್ಡ್ ಆರುವಾಗ ಸ್ವಲ್ಪ ಎಳೆದುಕೊಳ್ಳುತ್ತದೆ, ಕೊನೆಗೆ ಎಲ್ಲಿ ನಿಲ್ಲುತ್ತದೆ ಅಂತ ಟೇಪ್ ಮಾತ್ರ ಹೇಳಬಲ್ಲದು. ಅದನ್ನು 3.1416ರಿಂದ ಭಾಗಿಸಿದರೆ 1200 ಮತ್ತು 1201, ಅಂಚಿಗೆ ಜಾಗ ಸಿಕ್ಕಿತು, 1220 ಹಾಗೇ ಉಳಿಸಿಕೊಂಡೆ.

ಪ್ಲೇಟ್ ಬಂದ ದಿನ ಇನ್ನೊಂದು ಆಗಿತ್ತು. ತೂಕದ ಚೀಟಿಯಲ್ಲಿ 638 ಬದಲು 623 ಇತ್ತು. ಕಮ್ಮಿ ಕಳಿಸಿದ್ದಾರೆ ಅಂತ ನಮ್ಮ ಹುಡುಗ ಗಲಾಟೆಗೆ ಹೊರಟಿದ್ದ. ವರ್ನಿಯರ್ ಇಟ್ಟು ನೋಡಿದರೆ 6 ಎಂಎಂ ಪ್ಲೇಟಿನ ದಪ್ಪ 5.8 ಇತ್ತು, ಮೂರರಲ್ಲೂ. ಅಷ್ಟರಲ್ಲೇ ಹದಿನೈದು ಕೆಜಿ ಹೋಗುತ್ತದೆ. ತೂಕ ಮಾಡಿದ ಕೆಜಿಗೇ ಬಿಲ್ ಹಾಕಿದ್ದರು, ಹಾಗಾಗಿ ನನ್ನ ದುಡ್ಡೇನೂ ಹೋಗಲಿಲ್ಲ. ಅದೇ ದಪ್ಪ ಲೆಕ್ಕದ ಕೆಜಿಗೆ ಬಿಲ್ ಹಾಕಿದ್ದಿದ್ದರೆ ನಾನೂ ಹುಡುಗನ ಜೊತೆ ಹೋಗುತ್ತಿದ್ದೆ.

ಎಂಡ್ ಪ್ಲೇಟಿನ ಮೂಲೆ ತುಂಡುಗಳಲ್ಲಿ ನಾಲ್ಕು ಎತ್ತುವ ಕಿವಿಗಳು ಆದವು. ಉಳಿದ ತುಂಡುಗಳು ಈಗಲೂ ವೆಲ್ಡಿಂಗ್ ಬೆಂಚಿನ ಕೆಳಗೇ ಬಿದ್ದಿವೆ.