ನಕಲಿ ಖಾತೆ ಕಂಡರೆ ಮೊದಲು ಲಿಂಕ್ ಎತ್ತಿಡಿ, ಆಮೇಲೆ ದೂರು

ಇನ್‌ಸ್ಟಾಗ್ರಾಮ್‌ನಲ್ಲಿ ಪುಟ್ಟ ವ್ಯಾಪಾರ ನಡೆಸುವವರಿಗೆ ಈ ಕಾಟ ಹೆಚ್ಚಾಗಿ ಬರುವುದು ಬಹುಮಾನದ ಪೋಸ್ಟ್ ಹಾಕಿದಾಗ. ಯಾರೋ ನಿಮ್ಮ ಲೋಗೊ, ಫೋಟೊಗಳನ್ನು ಎತ್ತಿಕೊಂಡು, ಹೆಸರಿನ ಕೊನೆಗೆ ಒಂದು ಚುಕ್ಕಿಯನ್ನೋ ಅಂಡರ್‌ಸ್ಕೋರನ್ನೋ ಸೇರಿಸಿ ಖಾತೆ ತೆರೆಯುತ್ತಾರೆ. ನಿಮ್ಮ ಪೋಸ್ಟಿಗೆ ಕಮೆಂಟ್ ಹಾಕಿದವರಿಗೆಲ್ಲ ‘ನೀವು ಗೆದ್ದಿದ್ದೀರಿ, ಕಳಿಸುವ ಖರ್ಚು ಈ ಲಿಂಕಿನಲ್ಲಿ ಕಟ್ಟಿ’ ಎಂದು ಮೆಸೇಜ್ ಮಾಡುತ್ತಾರೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ‘ಎಲ್ಲರೂ ಸೇರಿ ರಿಪೋರ್ಟ್ ಮಾಡಿ’ ಎಂದು ಸ್ಟೋರಿ ಹಾಕಿಬಿಡುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಎಷ್ಟು ಜನ ರಿಪೋರ್ಟ್ ಮಾಡಿದರು ಎಂಬುದರ ಮೇಲೆ ಖಾತೆ ತೆಗೆಯುವುದು ನಿಂತಿಲ್ಲ. ಜೊತೆಗೆ ನಕಲಿ ಖಾತೆಯವರಿಗೂ ಸುಳಿವು ಸಿಕ್ಕಿಬಿಡುತ್ತದೆ. ಪರಿಮಳದ ಮೇಣದಬತ್ತಿ ಮಾಡಿ ಮಾರುವ ಗೆಳತಿಯೊಬ್ಬರಿಗೆ ಆದದ್ದು ಇದೇ. ಸ್ಟೋರಿ ಹಾಕಿದ ಸ್ವಲ್ಪ ಹೊತ್ತಿಗೆ ನಕಲಿ ಖಾತೆ ಹೆಸರು ಬದಲಿಸಿತು, ಅವರನ್ನು ಬ್ಲಾಕ್ ಮಾಡಿತು. ಅವರ ಹತ್ತಿರ ಇದ್ದ ಪ್ರೊಫೈಲ್ ಲಿಂಕ್ ತೆರೆಯಲಿಲ್ಲ. ಖಾತೆ ಹೋಯಿತು ಅಂತ ಅವರು ನೆಮ್ಮದಿಯಾದರು. ಗ್ರಾಹಕರಿಗೆ ಮಾತ್ರ ಮೆಸೇಜ್ ಬರುತ್ತಲೇ ಇತ್ತು.

ಆದ್ದರಿಂದ ಮೊದಲ ಕೆಲಸ ಲಿಂಕ್ ಕೂಡಿಡುವುದು. ನೀವು ಬ್ಲಾಕ್ ಆಗಿದ್ದರೆ ಮನೆಯವರ ಖಾತೆಯಿಂದ ನೋಡಿ. ಪ್ರೊಫೈಲ್ ಲಿಂಕ್ ಒಂದೇ ಸಾಲದು, ಯಾಕೆಂದರೆ ಅದರಲ್ಲಿ ಇರುವುದು ಯೂಸರ್‌ನೇಮ್. ಅದು ಬದಲಾದರೆ ಲಿಂಕ್ ಸತ್ತಂತೆ. ಕದ್ದ ಒಂದೊಂದು ಫೋಟೊವನ್ನೂ ತೆರೆದು, ಆ ಪೋಸ್ಟಿನ ಲಿಂಕನ್ನು ಕಾಪಿ ಮಾಡಿ. ಅದರಲ್ಲಿ `instagram.com/p/` ಆದಮೇಲೆ ಬರುವ ಅಕ್ಷರಗಳು ಆ ಪೋಸ್ಟಿನ ಸ್ವಂತ ಗುರುತು. ಖಾತೆ ಎಷ್ಟು ಸಲ ಹೆಸರು ಬದಲಿಸಿದರೂ ಪೋಸ್ಟ್ ಇರುವವರೆಗೆ ಅದು ಬದಲಾಗುವುದಿಲ್ಲ. ಪಕ್ಕದಲ್ಲೇ ಅದೇ ಫೋಟೊ ಇರುವ ನಿಮ್ಮ ಮೂಲ ಪೋಸ್ಟಿನ ಲಿಂಕ್ ಬರೆದಿಡಿ. ಮೆಸೇಜ್ ಬಂದ ಗ್ರಾಹಕರಿಗೆ, ಬ್ಲಾಕ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಲು ಹೇಳಿ. ಖಾತೆಯ ಹೆಸರು, ದಿನಾಂಕ ಎರಡೂ ಕಾಣಬೇಕು.

ಈಗ ದೂರು. ನಕಲಿ ಪ್ರೊಫೈಲಿನ ಮೂರು ಚುಕ್ಕಿ ಒತ್ತಿ, ರಿಪೋರ್ಟ್‌ಗೆ ಹೋಗಿ, ಬೇರೆಯವರಂತೆ ನಟಿಸುತ್ತಿದೆ ಎಂಬುದನ್ನು ಆರಿಸಿ. ಇದು ಬೇಗ ಮುಗಿಯುವ ಕೆಲಸ, ಮಾಡಿಬಿಡಿ. ಆದರೆ ಇದನ್ನೊಂದೇ ನಂಬಿ ಕೂರಬೇಡಿ.

ನನ್ನ ಪ್ರಕಾರ ನಿಜವಾಗಿ ಕೆಲಸಕ್ಕೆ ಬರುವುದು ಕಾಪಿರೈಟ್ ದೂರು. ಬ್ರ್ಯಾಂಡ್ ನಿಮ್ಮದೇ ಎಂದು ತೋರಿಸುವುದಕ್ಕಿಂತ ಫೋಟೊ ನಿಮ್ಮದು ಎಂದು ತೋರಿಸುವುದು ಸುಲಭ ಅಲ್ವಾ? ಇನ್‌ಸ್ಟಾಗ್ರಾಮ್‌ನ ಸಹಾಯ ಪುಟಗಳಲ್ಲಿ ಇದರ ಫಾರ್ಮ್ ಇದೆ. ಟ್ರೇಡ್‌ಮಾರ್ಕ್ ಫಾರ್ಮ್ ಬೇರೆ, ಹೆಸರು ನೋಂದಾಯಿಸಿದ್ದರೆ ಅದೂ ಇರಲಿ. ಕಾಪಿರೈಟ್ ಫಾರ್ಮಿನಲ್ಲಿ ಪ್ರೊಫೈಲ್ ಲಿಂಕ್ ಹಾಕಿ ಕೈತೊಳೆದುಕೊಳ್ಳುವವರೇ ಜಾಸ್ತಿ. ಹಾಗೆ ಮಾಡಬೇಡಿ. ಕೂಡಿಟ್ಟ ಪೋಸ್ಟ್ ಲಿಂಕ್‌ಗಳನ್ನು ಒಂದೊಂದಾಗಿ ಹಾಕಿ. ವಿವರಣೆಯಲ್ಲಿ ಕೋಪ ಬೇಡ, ‘ಈ ಫೋಟೊ ನಾನು ತೆಗೆದದ್ದು, ನನ್ನ ಖಾತೆಯ ಈ ಪೋಸ್ಟಿನಲ್ಲಿ ಮೊದಲೇ ಹಾಕಿದ್ದೇನೆ’ ಎಂದರೆ ಸಾಕು.

ಇಲ್ಲಿ ಎರಡು ಎಚ್ಚರ. ಹಕ್ಕು ನಿಮ್ಮದಾಗಿರುವ ಫೋಟೊಗಳನ್ನಷ್ಟೇ ಸೇರಿಸಿ. ಫೋಟೊಗ್ರಾಫರ್ ತೆಗೆದಿದ್ದರೆ ಹಕ್ಕು ಯಾರದು ಎಂದು ಮೊದಲು ನೋಡಿಕೊಳ್ಳಿ. ನಮ್ಮ ದೇಶದ ಕಾನೂನಿನಲ್ಲಿ ನೀವು ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಸಾಮಾನ್ಯವಾಗಿ ನಿಮ್ಮದು; ದುಡ್ಡು ಕೊಡದೆ ತೆಗೆದದ್ದಾದರೆ ಅವರದು, ಬರವಣಿಗೆಯಲ್ಲಿ ನಿಮಗೆ ಕೊಟ್ಟಿದ್ದರೆ ಮಾತ್ರ ನಿಮ್ಮದು. ಸರಕು ಕೊಡುವವರು ಕಳಿಸಿದ ಫೋಟೊವೂ ನಿಮ್ಮದಲ್ಲ. ಸುಳ್ಳು ದೂರಿಗೆ ಕಾನೂನಿನ ತೊಂದರೆ ಇದೆ. ಇನ್ನೊಂದು, ದೂರು ಕೊಟ್ಟವರ ಹೆಸರು, ಇಮೇಲ್ ಎದುರಿನವರಿಗೆ ಹೋಗಬಹುದು. ಸ್ವಂತ ಇಮೇಲ್ ಬೇಡ, ವ್ಯಾಪಾರದ್ದೇ ಕೊಡಿ. ಇನ್‌ಸ್ಟಾಗ್ರಾಮ್‌ನಿಂದ ಮರುಪ್ರಶ್ನೆ ಬಂದರೆ ಅದೇ ಇಮೇಲಿಗೆ ಉತ್ತರಿಸಿ, ಸುಮ್ನೆ ಹೊಸ ಫಾರ್ಮ್ ತುಂಬುತ್ತಾ ಹೋಗಬೇಡಿ.

ಗೆಳತಿ ಎರಡನೇ ಸಲ ಹೀಗೇ ಮಾಡಿದರು. ಬಹುಮಾನದ ಫೋಟೊ ಮೊದಲು ಹೋಯಿತು, ಆಮೇಲೆ ಇಡೀ ಖಾತೆ.

ದೂರು ಹೋದ ಮೇಲೆ ಗ್ರಾಹಕರಿಗೆ ತಿಳಿಸಿ. ನಕಲಿ ಖಾತೆಯನ್ನು ಟ್ಯಾಗ್ ಮಾಡಬೇಡಿ, ಸ್ಕ್ರೀನ್‌ಶಾಟ್ ಹಾಕಿ. ‘ನಾವು ಹಣ, ಕಾರ್ಡ್ ನಂಬರ್, ಒಟಿಪಿ ಕೇಳಿ ಬಹುಮಾನ ಕೊಡುವುದಿಲ್ಲ’ ಎಂದು ಬರೆದು ಪ್ರೊಫೈಲಿನ ಮೇಲ್ಗಡೆ ಪಿನ್ ಮಾಡಿ. ಆ ಪೋಸ್ಟಿನ ಕೆಳಗೆ ‘ಇವರು ನಕಲಿ ಖಾತೆ ತೆಗೆಸಿಕೊಡುತ್ತಾರೆ, ಸಂಪರ್ಕಿಸಿ’ ಎಂಬ ಕಮೆಂಟ್‌ಗಳು ಬರುತ್ತವೆ. ಅವೂ ಮೋಸವೇ, ಅಳಿಸಿಹಾಕಿ, ಒಂದು ಪೈಸೆಯೂ ಕೊಡಬೇಡಿ. ಮೂಲೆಯಲ್ಲಿ ವಾಟರ್‌ಮಾರ್ಕ್ ಹಾಕುವುದೂ ಉಪಯೋಗವಿಲ್ಲ, ಕ್ರಾಪ್ ಮಾಡಿಬಿಡುತ್ತಾರೆ. ಹಾಕುವುದಾದರೆ ವಸ್ತುವಿನ ಮೇಲೇ ಬರುವಂತೆ ಹಾಕಿ.

ಯಾರಾದರೂ ಆಗಲೇ ಹಣ ಕಟ್ಟಿದ್ದರೆ ಅವರಿಗೆ ಮೊದಲು ಬ್ಯಾಂಕಿಗೆ ಫೋನ್ ಮಾಡಲು ಹೇಳಿ, ಚಾಟ್ ಅಳಿಸದಿರಲಿ. ನೀವು ಕೂಡಿಟ್ಟ ಲಿಂಕ್‌ಗಳ ಪಟ್ಟಿಯನ್ನೂ ಅವರಿಗೆ ಕೊಡಿ, ಪೊಲೀಸ್ ದೂರಿಗೆ ಅದು ಬೇಕಾಗುತ್ತದೆ.